ವ್ಯಾಕರಣ ಸರಿಯಿದ್ದೂ ಅರ್ಥ ಕೆಟ್ಟ ಯಂತ್ರಾನುವಾದವನ್ನು ತಿದ್ದುವ ಬಗೆ

ಪ್ರಶ್ನೆ: ಇಂಗ್ಲಿಷಿನಿಂದ ಯಂತ್ರ ಅನುವಾದಿಸಿದ ಕನ್ನಡವನ್ನು ಪರಿಶೀಲಿಸುವ ಕೆಲಸ ಸಿಕ್ಕಿದೆ. ಕಾಗುಣಿತ, ವಿಭಕ್ತಿ ಎಲ್ಲ ಸರಿಯಿರುತ್ತವೆ, ಆದರೂ ಓದಲು ಆಗುವುದಿಲ್ಲ. ಪದಗಳ ಕ್ರಮ ಕೆಟ್ಟಿರುವುದನ್ನೂ ತಪ್ಪು ಅರ್ಥ ಆಯ್ದುಕೊಂಡಿರುವುದನ್ನೂ ಹಿಡಿಯಲು ನಿಶ್ಚಿತವಾದ ಕ್ರಮವೇನಾದರೂ ಇದೆಯೇ?

ನಾನು ದಾವಣಗೆರೆಯಲ್ಲಿದ್ದುಕೊಂಡು ಕೃಷಿ ಕೈಪಿಡಿಗಳ ಯಂತ್ರಾನುವಾದವನ್ನು ತಿದ್ದುತ್ತೇನೆ. ನನ್ನ ಮುಂದೆ ಬಂದಂಥ ಒಂದು ತುಣುಕನ್ನೇ ಇಲ್ಲಿಟ್ಟು, ಅದನ್ನು ಹೇಗೆ ಓದುತ್ತೇನೆಂದು ಹೇಳುತ್ತೇನೆ. ವಿಷಯ ಮೆಕ್ಕೆಜೋಳದ ಹುಳು.

"ಪತನ ಸೈನಿಕ ಹುಳುವನ್ನು ನಿಯಂತ್ರಿಸಲು, ಕೆರೆಯನ್ನು ಅರ್ಧದಷ್ಟು ನೀರಿನಿಂದ ತುಂಬಿಸಿ, ಕೀಟನಾಶಕವನ್ನು ಸೇರಿಸಿ ಮತ್ತು ಪರಿಹಾರವನ್ನು ಚೆನ್ನಾಗಿ ಕಲಕಿ. ನೀವು ಎಲೆಗಳ ಮೇಲೆ ತಾಜಾ ಲದ್ದಿಯನ್ನು ನೋಡಿದ ನಂತರ ಸಂಜೆ ಮಾತ್ರ ಪರಿಹಾರವನ್ನು ಸುಳಿಗೆ ಅನ್ವಯಿಸಿ, ಇದು ಮರಿಹುಳುಗಳು ಇನ್ನೂ ತಿನ್ನುತ್ತಿವೆ ಎಂದು ಸೂಚಿಸುತ್ತದೆ. ಕಿವಿಗಳಲ್ಲಿ ರೇಷ್ಮೆ ಬಂದ ನಂತರ ಸಿಂಪಡಣೆ ಲಾಭದಾಯಕವಲ್ಲ."

ಮೊದಲ ಓದಿನಲ್ಲಿ ಇಂಗ್ಲಿಷ್ ಮೂಲವನ್ನು ತೆರೆಯುವುದೇ ಇಲ್ಲ. ಮೂಲ ಕಣ್ಣ ಮುಂದಿದ್ದರೆ ಮನಸ್ಸು ಕನ್ನಡದ ಕೊರತೆಯನ್ನು ತಾನೇ ತುಂಬಿಕೊಂಡುಬಿಡುತ್ತದೆ. 'ಅನ್ವಯಿಸಿ' ಎಂದಿದ್ದರೂ 'ಹಾಕಿ' ಎಂದೇ ಅರ್ಥವಾಗುತ್ತದೆ. ಆದ್ದರಿಂದ ಕನ್ನಡವನ್ನಷ್ಟೇ ಓದುತ್ತ, ಎಡವಿದ ಜಾಗಕ್ಕೆಲ್ಲ ಗುರುತು ಹಾಕುತ್ತ ಹೋಗುತ್ತೇನೆ, ಏನನ್ನೂ ತಿದ್ದುವುದಿಲ್ಲ. ಮೂಲದೊಂದಿಗೆ ಹೋಲಿಸುವುದು ಎರಡನೆಯ ಓದಿನಲ್ಲಿ.

ಹೀಗೆ ಓದಿದಾಗ 'ಕಿವಿಗಳಲ್ಲಿ ರೇಷ್ಮೆ' ತಾನಾಗಿಯೇ ಸಿಕ್ಕಿಬೀಳುತ್ತದೆ. ಮೆಕ್ಕೆಜೋಳದ ತೆನೆಗೂ ಮನುಷ್ಯನ ಕಿವಿಗೂ ಇಂಗ್ಲಿಷಿನಲ್ಲಿ ಒಂದೇ ಪದವಿದೆ, ತೆನೆಯ ತುದಿಯ ಕೂದಲಿನಂಥ ಎಳೆಗಳನ್ನು ಅವರು ಸಿಲ್ಕ್ ಎನ್ನುತ್ತಾರೆ. ಓದಿದವರು ನಗುತ್ತಾರೆ, ತಿದ್ದುತ್ತಾರೆ, ಅಲ್ಲಿಗೆ ಮುಗಿಯಿತು. ಅಪಾಯವಿರುವುದು ನಗು ಬಾರದ ತಪ್ಪಿನಲ್ಲಿ.

'ಕೆರೆ' ಅಂಥದು. ಮೂಲದಲ್ಲಿದ್ದದ್ದು ಸಿಂಪಡಣೆ ಪಂಪಿನ ಟ್ಯಾಂಕು. ಆದರೆ ನಮ್ಮ ದೇಶದ ಇಂಗ್ಲಿಷಿನಲ್ಲಿ ನೀರಾವರಿ ಕೆರೆಯನ್ನೂ ಟ್ಯಾಂಕ್ ಎಂದೇ ಬರೆಯುವುದರಿಂದ ಯಂತ್ರ ಆ ಅರ್ಥವನ್ನು ಎತ್ತಿಕೊಂಡಿದೆ. ಇದೇ ಪದ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಬಗೆಗಿನ ಬರಹದಲ್ಲಿ ಬಂದಿದ್ದರೆ 'ಕೆರೆ' ಎಂಬುದೇ ಸರಿ, 'ತೊಟ್ಟಿ' ಎಂಬುದು ತಪ್ಪು. 'ಕೆರೆಗೆ ನೀರು ತುಂಬಿಸಿ, ಕೀಟನಾಶಕ ಸೇರಿಸಿ' ಎಂಬ ವಾಕ್ಯದಲ್ಲಿ ವ್ಯಾಕರಣದ ದೋಷ ಒಂದೂ ಇಲ್ಲ. ಕೆರೆ ತುಂಬಿಸುವುದು ನಮ್ಮಲ್ಲಿ ದಿನಪತ್ರಿಕೆಯ ಮಾತಾಗಿರುವುದರಿಂದ ಕಿವಿಗೂ ಅದು ಹೊಸದೆನಿಸುವುದಿಲ್ಲ.

'ಪರಿಹಾರ' ಇನ್ನೂ ನಯವಾಗಿ ತಪ್ಪಿಸಿಕೊಳ್ಳುತ್ತದೆ. ಇಲ್ಲಿ ಬೇಕಾದದ್ದು ದ್ರಾವಣ. ಬೆಳೆ ಹಾನಿಗೆ ಸರ್ಕಾರ ಕೊಡುವ ಹಣವನ್ನೇ ಪರಿಹಾರವೆಂದು ತಿಳಿದಿರುವ ರೈತ, ಅದನ್ನು ಕಲಕುವುದು ಹೇಗೆಂದು ಯೋಚಿಸಬೇಕಾಗುತ್ತದೆ.

ಇಂಥವನ್ನು ಹಿಡಿಯಲು ಕೆಲವರು ಕನ್ನಡವನ್ನು ಮತ್ತೆ ಯಂತ್ರಕ್ಕೆ ಕೊಟ್ಟು ಇಂಗ್ಲಿಷಿಗೆ ತಿರುಗಿಸಿ ನೋಡುತ್ತಾರೆ. ಪದದ ಅರ್ಥದ ವಿಷಯದಲ್ಲಿ ಈ ಪರೀಕ್ಷೆಯನ್ನು ನಂಬಲಾಗದು, ಏಕೆಂದರೆ 'ಕೆರೆ' ಮರಳಿ ಟ್ಯಾಂಕ್ ಆಗಿ, 'ಪರಿಹಾರ' ಮರಳಿ ಸೊಲ್ಯೂಷನ್ ಆಗಿಯೇ ಬರಬಹುದು. ಹೋದ ದಾರಿಯಲ್ಲೇ ಹಿಂತಿರುಗಿದರೆ ದಾರಿ ತಪ್ಪಿದ್ದು ತಿಳಿಯುವುದಿಲ್ಲ. ನಾನು ಮಾಡುವುದು ಬೇರೆ. ಮೂಲವನ್ನೂ ಅನುವಾದವನ್ನೂ ಎಕ್ಸೆಲ್ ಹಾಳೆಯ ಎರಡು ಕಾಲಂಗಳಲ್ಲಿ, ವಾಕ್ಯಕ್ಕೊಂದು ಸಾಲಿನಂತೆ ಇಟ್ಟುಕೊಂಡು, ಆ ವಿಷಯದಲ್ಲಿ ಎರಡು ಅರ್ಥ ಕೊಡುವ ಇಂಗ್ಲಿಷ್ ಪದಗಳನ್ನು ಮೊದಲೇ ಪಟ್ಟಿ ಮಾಡುತ್ತೇನೆ. ಕೃಷಿಗಾದರೆ ಟ್ಯಾಂಕ್, ಸೊಲ್ಯೂಷನ್, ಇಯರ್, ಅಪ್ಲೈ, ಟ್ರೀಟ್‌ಮೆಂಟ್, ಫೀಲ್ಡ್ ಇಷ್ಟರಿಂದಲೇ ಕೆಲಸ ಶುರುವಾಗುತ್ತದೆ. ಒಂದೊಂದು ಪದಕ್ಕೂ ಮೂಲದ ಕಾಲಮ್ಮನ್ನು ಫಿಲ್ಟರ್ ಮಾಡಿ, ಎದುರಿನ ಕನ್ನಡದಲ್ಲಿ ಏನಿದೆಯೆಂದು ಸಾಲುಸಾಲಾಗಿ ನೋಡುತ್ತೇನೆ. ಟ್ರೀಟ್‌ಮೆಂಟ್ ಎಂಬುದು ಬೀಜಕ್ಕೆ ಸಂಬಂಧಿಸಿದಲ್ಲಿ 'ಬೀಜೋಪಚಾರ' ಆಗಿರಬೇಕು, ದನಕ್ಕೆ ಸಂಬಂಧಿಸಿದಲ್ಲಿ 'ಚಿಕಿತ್ಸೆ' ಆಗಿರಬೇಕು. ಎಲ್ಲ ಕಡೆಯೂ ಒಂದೇ ಪದವಿದ್ದರೆ ಸಂಶಯಪಡಬೇಕು. ಫೀಲ್ಡ್ ಎಂಬುದಕ್ಕಂತೂ ಬೆಳೆಯನ್ನು ನೋಡದೆ ಉತ್ತರವಿಲ್ಲ. ಭದ್ರಾ ನಾಲೆಯ ಭತ್ತಕ್ಕೆ ಗದ್ದೆ, ಜಗಳೂರು ಕಡೆಯ ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಹೊಲ; 'ಕ್ಷೇತ್ರ' ಎರಡಕ್ಕೂ ಅಲ್ಲ.

ಹುಳುವಿನ ಹೆಸರು ಸ್ವಲ್ಪ ತೊಡಕಿನದು. ಮೂಲದಲ್ಲಿದ್ದದ್ದು ಫಾಲ್ ಆರ್ಮಿವರ್ಮ್. ಫಾಲ್ ಎಂದರೆ ಅಮೆರಿಕದವರ ಬಾಯಲ್ಲಿ ಶರತ್ಕಾಲ, ಬೀಳುವುದಲ್ಲ. ಆದ್ದರಿಂದ 'ಪತನ' ಖಂಡಿತ ತಪ್ಪು. ಈ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದ ಕಡೆಯ ಮೆಕ್ಕೆಜೋಳದಲ್ಲಿ. ರೈತರು ಇದನ್ನು ಲದ್ದಿ ಹುಳು ಎನ್ನುತ್ತಾರೆ, ಆದರೆ ಆ ಹೆಸರು ಬೇರೆ ಹುಳುಗಳಿಗೂ ಬಳಕೆಯಲ್ಲಿದೆ. ಹಾಗಾಗಿ ಮೊದಲ ಸಲ ಬಂದಲ್ಲಿ ಸ್ಪೊಡಾಪ್ಟೆರ ಫ್ರುಜಿಪರ್ಡ ಎಂಬ ಶಾಸ್ತ್ರೀಯ ಹೆಸರನ್ನೂ ಸೇರಿಸಿ, ಮುಂದೆಲ್ಲ ಲದ್ದಿ ಹುಳು ಎಂದಷ್ಟೇ ಬರೆಯುತ್ತೇನೆ.

ಇನ್ನು ಪದಕ್ರಮ. ಈಚಿನ ಯಂತ್ರಗಳು ಕ್ರಿಯಾಪದವನ್ನು ಸಾಮಾನ್ಯವಾಗಿ ಕೊನೆಗೇ ತರುತ್ತವೆ, ಆದ್ದರಿಂದ ತಪ್ಪನ್ನು ಅಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ನಾನು ಮೊದಲು ಹುಡುಕುವುದು ಅಲ್ಪವಿರಾಮದ ನಂತರ ಬರುವ 'ಇದು' ಎಂಬ ಪದವನ್ನು. ಇಂಗ್ಲಿಷಿನಲ್ಲಿ ಮುಖ್ಯ ಮಾತು ಮುಗಿದ ಮೇಲೆ ಬಾಲದಂತೆ ಜೋಡಿಸುವ ವಿವರಣೆ ಕನ್ನಡದಲ್ಲಿ ', ಇದು ... ಸೂಚಿಸುತ್ತದೆ' ಎಂದಾಗಿ ನಿಲ್ಲುತ್ತದೆ. ಮೂಲದಲ್ಲಿ ಆ ವಿವರಣೆ ಲದ್ದಿಗೆ ಸೇರಿತ್ತು. ಲದ್ದಿಯ ಮಾತು ವಾಕ್ಯದ ಆರಂಭಕ್ಕೆ ಹೋಗಿ, ಬಾಲ ಮಾತ್ರ ಕೊನೆಯಲ್ಲೇ ಉಳಿದದ್ದರಿಂದ, ಈಗ ಸಿಂಪಡಿಸುವುದೇ ಹುಳು ತಿನ್ನುತ್ತಿರುವುದರ ಸೂಚನೆ ಎಂಬಂತಾಗಿದೆ. ಕನ್ನಡದಲ್ಲಿ ಕಾರಣ ಮೊದಲು ಬಂದು ಕೆಲಸ ಆಮೇಲೆ ಬರುವುದು ಸಹಜ. ವಾಕ್ಯವನ್ನು ಎರಡಾಗಿ ಒಡೆದು, ಬಾಲವನ್ನು ತಲೆಗೆ ತಂದರೆ ಸರಿಹೋಗುತ್ತದೆ.

'ಮಾತ್ರ' ಎಂಬುದು ಕೂತ ಜಾಗವನ್ನೂ ಪ್ರತಿ ಸಲ ಮೂಲದೊಂದಿಗೆ ಹೋಲಿಸಬೇಕು, ಏಕೆಂದರೆ ಕನ್ನಡದಲ್ಲಿ ಅದು ತನ್ನ ಹಿಂದಿನ ಪದವನ್ನೇ ಹಿಡಿಯುತ್ತದೆ. ಮೂಲ ಹೇಳಿದ್ದು ಲದ್ದಿ ಕಂಡ ಮೇಲೆ ಮಾತ್ರ ಎಂದು. ಅನುವಾದದಲ್ಲಿ ಅದು ಸಂಜೆಗೆ ಅಂಟಿಕೊಂಡು, ಲದ್ದಿ ನೋಡುವ ಷರತ್ತು ಸಡಿಲವಾಗಿದೆ.

ಕ್ರಿಯಾಪದದ ಹಿಂದಿನ ಸ್ಥಾನವೂ ಗಮನಿಸಬೇಕಾದದ್ದು, ನಾವು ಒತ್ತಿ ಹೇಳುವುದನ್ನು ಸಾಮಾನ್ಯವಾಗಿ ಅಲ್ಲಿಡುತ್ತೇವೆ. 'ಸಂಜೆ ಔಷಧಿ ಸಿಂಪಡಿಸಿ' ಎಂದರೆ ಸಂಜೆಯ ಕೆಲಸ ಯಾವುದೆಂದು ಹೇಳಿದಂತೆ. 'ಔಷಧಿಯನ್ನು ಸಂಜೆ ಸಿಂಪಡಿಸಿ' ಎಂದರೆ ಯಾವಾಗ ಎಂಬುದನ್ನು ಹೇಳಿದಂತೆ. ವ್ಯಾಕರಣದ ಪುಸ್ತಕ ಎರಡನ್ನೂ ಒಪ್ಪುತ್ತದೆ. ಹಾಗೆಂದು ಕ್ರಮ ಬದಲಾದ ವಾಕ್ಯವನ್ನೆಲ್ಲ ತಿದ್ದಲು ಹೋಗಬಾರದು. 'ಬಂದ್ಯಾ ಊರಿಂದ?' ಎಂದು ನಾವೇ ಮಾತನಾಡುತ್ತೇವೆ. ಸಂಭಾಷಣೆಯಲ್ಲಿ ಅದು ದೋಷವಲ್ಲ, ಸೂಚನೆಗಳ ಕೈಪಿಡಿಯಲ್ಲಿ ದೋಷ.

ಮೇಲಿನ ತುಣುಕನ್ನು ನಾನು ಹೀಗೆ ಒಪ್ಪಿಸುತ್ತೇನೆ:

"ಸ್ಪೊಡಾಪ್ಟೆರ ಫ್ರುಜಿಪರ್ಡ ಎಂಬ ಲದ್ದಿ ಹುಳುವಿನ ಹತೋಟಿಗೆ, ಪಂಪಿನ ಟ್ಯಾಂಕಿನಲ್ಲಿ ಅರ್ಧದಷ್ಟು ನೀರು ತುಂಬಿಸಿ, ಕೀಟನಾಶಕ ಹಾಕಿ ಚೆನ್ನಾಗಿ ಕಲಕಿ. ಎಲೆಯ ಮೇಲೆ ಹಸಿ ಲದ್ದಿ ಇದ್ದರೆ ಹುಳು ಇನ್ನೂ ತಿನ್ನುತ್ತಿದೆ ಎಂದು ತಿಳಿಯಿರಿ. ಅದು ಕಂಡ ಮೇಲೆ ಮಾತ್ರ, ದ್ರಾವಣವನ್ನು ಸಂಜೆ ಹೊತ್ತು ಸುಳಿಯೊಳಗೆ ಇಳಿಯುವಂತೆ ಸಿಂಪಡಿಸಿ. ತೆನೆಯ ತುದಿಯಲ್ಲಿ ಕೂದಲಿನಂಥ ಎಳೆಗಳು ಬಂದ ಮೇಲೆ ಸಿಂಪಡಿಸಿದರೆ ಖರ್ಚು ಗಿಟ್ಟುವುದಿಲ್ಲ."

ಒಂದು ಪುಟದಲ್ಲಿ ಅರ್ಧಕ್ಕಿಂತ ಹೆಚ್ಚು ವಾಕ್ಯಗಳನ್ನು ಹೀಗೆ ಒಡೆದು ಕಟ್ಟಬೇಕಾದರೆ ನಾನು ತಿದ್ದುವುದನ್ನು ಬಿಟ್ಟು, ಮೂಲದಿಂದಲೇ ಹೊಸದಾಗಿ ಬರೆಯುತ್ತೇನೆ. ಕೆಲಸ ಒಪ್ಪಿಕೊಳ್ಳುವಾಗಲೇ ಇದನ್ನು ತಿಳಿಸಿ, ಆ ಪುಟಗಳಿಗೆ ಅನುವಾದದ ದರವನ್ನೇ ಕೇಳಿಕೊಳ್ಳಿ.