ನಿಫ್ಟಿ ಸ್ವಲ್ಪ ಬೀಳುತ್ತದೆ ಅನ್ನಿಸಿದಾಗ ಬೇರ್ ಪುಟ್ ಸ್ಪ್ರೆಡ್ಡೋ, ಬೇರ್ ಕಾಲ್ ಸ್ಪ್ರೆಡ್ಡೋ?

ಪ್ರಶ್ನೆ: ನಿಫ್ಟಿ ಈ ತಿಂಗಳ ಎಕ್ಸ್‌ಪೈರಿಯೊಳಗೆ ಒಂದೂವರೆ ಪರ್ಸೆಂಟ್‌ನಷ್ಟು ಇಳಿಯಬಹುದು ಅಂತ ನನ್ನ ಅಂದಾಜು, ದೊಡ್ಡ ಕುಸಿತ ಏನಲ್ಲ. ಪುಟ್ ಸ್ಪ್ರೆಡ್‌ಗೆ ಕೈಯಿಂದ ದುಡ್ಡು ಹೋಗುತ್ತೆ, ಕಾಲ್ ಸ್ಪ್ರೆಡ್‌ನಲ್ಲಿ ದುಡ್ಡು ಬರುತ್ತೆ, ಟೈಮ್ ಡಿಕೇ ಕೂಡ ನಮ್ಮ ಪರ. ಹಾಗಾದ್ರೆ ಕಾಲ್ ಸ್ಪ್ರೆಡ್ಡೇ ಒಳ್ಳೆಯದಲ್ವಾ?

ಉತ್ತರ:

ದುಡ್ಡು ಮೊದಲು ಬರುತ್ತದೋ ಹೋಗುತ್ತದೋ ಅನ್ನುವುದನ್ನು ನೋಡಿ ಆರಿಸಬೇಡಿ. ಒಂದೇ ಎಕ್ಸ್‌ಪೈರಿ, ಒಂದೇ ಎರಡು ಸ್ಟ್ರೈಕ್ ಇಟ್ಟುಕೊಂಡರೆ ಈ ಎರಡು ಸ್ಪ್ರೆಡ್‌ಗಳಿಗೆ ವ್ಯತ್ಯಾಸವೇ ಇಲ್ಲ. ಅದನ್ನು ಲೆಕ್ಕದಲ್ಲೇ ತೋರಿಸುತ್ತೇನೆ. ಕೆಳಗಿನ ಬೆಲೆಗಳು ಉದಾಹರಣೆಗೆ ಮಾತ್ರ. ಎಲ್ಲವೂ ಪಾಯಿಂಟ್‌ಗಳಲ್ಲಿವೆ, ರೂಪಾಯಿಗೆ ಆಗಿನ ಲಾಟ್ ಸೈಜ್‌ನಿಂದ ಗುಣಿಸಿಕೊಳ್ಳಿ.

ನಿಫ್ಟಿ 25,000ದಲ್ಲಿದೆ, ಎಕ್ಸ್‌ಪೈರಿಗೆ 20 ದಿನ ಇದೆ, ನಿಮ್ಮ ಗುರಿ 24,600 ಅಂದುಕೊಳ್ಳಿ. 25,000 ಪುಟ್ 260ಕ್ಕೆ ತಗೊಂಡು 24,600 ಪುಟ್ 135ಕ್ಕೆ ಮಾರಿದರೆ ಕೈಯಿಂದ 125 ಹೋಗುತ್ತದೆ. ಜಾಸ್ತಿ ಅಂದರೆ 275 ಲಾಭ, 125 ನಷ್ಟ, ಬ್ರೇಕ್‌ಈವನ್ 24,875. ಈಗ ಅದೇ ಸ್ಟ್ರೈಕ್‌ಗಳ ಕಾಲ್ ನೋಡಿ. 24,600 ಕಾಲ್ 622ಕ್ಕೆ ಮಾರಿ 25,000 ಕಾಲ್ 348ಕ್ಕೆ ತಗೊಂಡರೆ 274 ಕೈಗೆ ಬರುತ್ತದೆ. ಜಾಸ್ತಿ ಲಾಭ 274, ಜಾಸ್ತಿ ನಷ್ಟ 126, ಬ್ರೇಕ್‌ಈವನ್ 24,874. ಕೊಟ್ಟ 125, ಬಂದ 274 ಕೂಡಿದರೆ 399. ಸ್ಟ್ರೈಕ್‌ಗಳ ಅಂತರ 400. ಆ ಒಂದು ಪಾಯಿಂಟ್ 20 ದಿನದ ಬಡ್ಡಿ, ಅಷ್ಟೇ. ಹೆಚ್ಚುಕಮ್ಮಿ ಆದರೆ ದೊಡ್ಡ ಟ್ರೇಡರ್‌ಗಳು ತಕ್ಷಣ ನುಗ್ಗಿ ಅದನ್ನು ಸರಿಮಾಡಿಬಿಡುತ್ತಾರೆ.

ಹಾಗಾದರೆ ಜನ ಕಾಲ್ ಸ್ಪ್ರೆಡ್ ಬೇರೆ ಥರ ಅನ್ನುವುದು ಯಾಕೆ? ಅವರು ಅದನ್ನು ಬೇರೆ ಸ್ಟ್ರೈಕ್‌ಗಳಲ್ಲಿ ಹಾಕುತ್ತಾರೆ, ಅದಕ್ಕೆ. ನಿಫ್ಟಿ 25,000 ಇದ್ದಾಗ 25,200 ಕಾಲ್ 245ಕ್ಕೆ ಮಾರಿ, 25,600 ಕಾಲ್ 100ಕ್ಕೆ ತಗೊಳ್ಳುತ್ತಾರೆ. ಕೈಗೆ 145 ಬರುತ್ತದೆ, ತಪ್ಪಿದರೆ 255 ಹೋಗುತ್ತದೆ, ಬ್ರೇಕ್‌ಈವನ್ 25,345. ಇಲ್ಲಿ ನಿಫ್ಟಿ ಬೀಳಲೇಬೇಕು ಅಂತಿಲ್ಲ. ಇದ್ದಲ್ಲೇ ಇದ್ದರೂ ಪೂರ್ತಿ 145 ನಿಮ್ಮದು, ಇನ್ನೂರು ಪಾಯಿಂಟ್ ಏರಿದರೂ ನಿಮ್ಮದೇ. ಅದಕ್ಕೇ ಸಿಗುವುದು ಕಡಿಮೆ, ಕಳೆದುಕೊಳ್ಳುವುದು ಜಾಸ್ತಿ. ಟೈಮ್ ಡಿಕೇ ಪುಕ್ಕಟೆ ಸಿಗುತ್ತಿಲ್ಲ, ಆ 255ರ ರಿಸ್ಕ್ ಹೊತ್ತಿದ್ದಕ್ಕೆ ಸಿಗುವ ಕೂಲಿ ಅದು.

ಹಾಗಾಗಿ ನೀವು ನಿಜವಾಗಿ ಕೇಳಿಕೊಳ್ಳಬೇಕಾದ್ದು ನಿಮ್ಮ ನಂಬಿಕೆ ಏನು ಅಂತ. ‘ನಿಫ್ಟಿ ಇನ್ನು ಮೇಲೆ ಹೋಗಲ್ಲ’ ಅನ್ನುವುದು ಒಂದು ನಂಬಿಕೆ. ‘ನಿಫ್ಟಿ 24,600ರ ಹತ್ತಿರ ಬರುತ್ತದೆ’ ಅನ್ನುವುದು ಇನ್ನೊಂದು. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಗೊಂದಲ ಆಗುವುದು.

ಈ ಎರಡು ಸ್ಪ್ರೆಡ್‌ಗಳನ್ನು ಹೋಲಿಸಲು ನಾನು ಒಂದೇ ಒಂದು ಸಂಖ್ಯೆ ಹುಡುಕುತ್ತೇನೆ: ಎಕ್ಸ್‌ಪೈರಿ ದಿನ ಎರಡರ ಲಾಭವೂ ಎಲ್ಲಿ ಸಮ ಆಗುತ್ತದೆ? ಕಾಲ್ ಸ್ಪ್ರೆಡ್ ಕೊಡುವುದು 145. ಪುಟ್ ಸ್ಪ್ರೆಡ್ ಅಷ್ಟು ಕೊಡಬೇಕಾದರೆ ಅದರ ಬೆಲೆ 270 ಆಗಬೇಕು, ಅಂದರೆ ನಿಫ್ಟಿ 24,730ಕ್ಕೆ ಬರಬೇಕು. ಅದಕ್ಕಿಂತ ಕೆಳಗೆ ಮುಗಿದರೆ ಪುಟ್ ಸ್ಪ್ರೆಡ್ ಮುಂದೆ. ಅದರ ಮೇಲೆ ಮುಗಿದರೆ ಬಹಳ ದೂರದವರೆಗೆ ಕಾಲ್ ಸ್ಪ್ರೆಡ್ ಮುಂದೆ. ಆದರೆ ನಿಫ್ಟಿ ಜೋರಾಗಿ ಏರಿ 25,600 ದಾಟಿದರೆ ಪುಟ್ ಸ್ಪ್ರೆಡ್‌ನವರು ಕಳೆದುಕೊಳ್ಳುವುದು 125, ಕಾಲ್ ಸ್ಪ್ರೆಡ್‌ನವರು 255.

ನೀವು ಹೇಳಿದ ಒಂದೂವರೆ ಪರ್ಸೆಂಟ್ ಅಂದರೆ ಸುಮಾರು 24,625. ಆ ಅಂದಾಜಿನ ಮೇಲೆ ನಿಮಗೆ ನಂಬಿಕೆ ಇದ್ದರೆ ಪುಟ್ ಸ್ಪ್ರೆಡ್ ಹಾಕಿ. ಮನಸ್ಸಿನಲ್ಲಿ ‘ಒಂದು ಇನ್ನೂರು ಬಿದ್ದರೂ ಬೀಳಬಹುದು, ಸುಮ್ನೆ ನಿಂತರೂ ನಿಲ್ಲಬಹುದು’ ಅಂತಿದ್ದರೆ ಕಾಲ್ ಸ್ಪ್ರೆಡ್. 24,800ರಲ್ಲಿ ಮುಗಿದರೆ ಪುಟ್ ಸ್ಪ್ರೆಡ್ ಕೊಡುವುದು ಬರೀ 75, ಅದು ನೆನಪಿರಲಿ.

ಇನ್ನೊಂದು ವಿಷಯ ಬಹಳ ಜನರನ್ನು ಕಂಗೆಡಿಸುತ್ತದೆ. ನಿಫ್ಟಿ ಐದೇ ದಿನದಲ್ಲಿ 24,600ಕ್ಕೆ ಬಂತು ಅನ್ನಿ. ಗುರಿ ಮುಟ್ಟಿತು, ಆದರೆ ಪುಟ್ ಸ್ಪ್ರೆಡ್‌ನಲ್ಲಿ 275 ಕಾಣುವುದಿಲ್ಲ. 15 ದಿನ ಬಾಕಿ ಇರುವಾಗ ಅದರ ಬೆಲೆ ಸುಮಾರು 225 ಇರುತ್ತದೆ, ಅಂದರೆ ಲಾಭ ಬರೀ 100. ನೀವು ಮಾರಿದ 24,600 ಪುಟ್ ಈಗ ಅಟ್ ದ ಮನಿ ಆಗಿದೆ. ಬಿದ್ದ ಗಾಬರಿಗೆ ವೊಲಟಿಲಿಟಿಯೂ ಏರಿರುತ್ತದೆ, ಹಾಗಾಗಿ ಅದೂ ಉಬ್ಬಿಕೊಂಡಿರುತ್ತದೆ. ಕಾಲ್ ಸ್ಪ್ರೆಡ್‌ನಲ್ಲಿ ಅದೇ ಹೊತ್ತಿಗೆ 145ರಲ್ಲಿ ಸುಮಾರು 80 ಬಂದಿರುತ್ತದೆ. ಉಳಿದದ್ದಕ್ಕೆ ಎರಡರಲ್ಲೂ ಕಾಯಬೇಕು.

ಕಾಯುವಾಗ ಟೈಮ್ ಡಿಕೇ ಯಾರ ಪರ? 24,600ರ ಹತ್ತಿರ ಇದ್ದರೆ ಪುಟ್ ಸ್ಪ್ರೆಡ್‌ಗೂ ಅದು ನಿಮ್ಮ ಪರವೇ. ಮಾರಿದ ಪುಟ್ ತಗೊಂಡ ಪುಟ್‌ಗಿಂತ ಬೇಗ ಕರಗುತ್ತದೆ. ನಿಫ್ಟಿ ತಗೊಂಡ ಸ್ಟ್ರೈಕ್ ಹತ್ತಿರ ಇದ್ದಾಗ ಡಿಕೇ ನಿಮ್ಮ ವಿರುದ್ಧ, ಮಾರಿದ ಸ್ಟ್ರೈಕ್ ಹತ್ತಿರ ಬಂದಾಗ ನಿಮ್ಮ ಪರ, ಸುಮಾರು ನಡುವಿನಲ್ಲಿ ಅದು ತಿರುಗುತ್ತದೆ. ಕಾಲ್ ಸ್ಪ್ರೆಡ್‌ನಲ್ಲೂ ಇದೇ ನಿಯಮ. ನಿಫ್ಟಿ 25,600ರ ಕಡೆ ಹೋದರೆ ಅಲ್ಲೂ ಡಿಕೇ ನಿಮಗೆ ಎದುರು ನಿಲ್ಲುತ್ತದೆ.

ಪುಟ್ ಅಥವಾ ಕಾಲ್ ಅಂತ ಆರಿಸಲು ನನಗೆ ಉಳಿಯುವ ಕಾರಣ ಒಂದೇ: ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಇರುವ ಅಂತರ. ಇನ್ ದ ಮನಿ ಆಪ್ಶನ್‌ಗಳಲ್ಲಿ ವಹಿವಾಟು ಕಡಿಮೆ, ಅಂತರ ಜಾಸ್ತಿ. ಮೇಲಿನ 24,600 ಕಾಲ್ ಅಂಥದ್ದೇ. ಎರಡು ಲೆಗ್, ಹಾಕುವಾಗ ಒಮ್ಮೆ, ತೆಗೆಯುವಾಗ ಒಮ್ಮೆ, ಒಟ್ಟು ನಾಲ್ಕು ಸಲ ಆ ಅಂತರ ತೆರಬೇಕು. ಅದಕ್ಕೇ ಈಗಿನ ಬೆಲೆಗಿಂತ ಕೆಳಗಿನ ಸ್ಟ್ರೈಕ್‌ಗಳಿಗೆ ಪುಟ್, ಮೇಲಿನವಕ್ಕೆ ಕಾಲ್.

ಆರ್ಡರ್ ಹಾಕುವಾಗ ಮೊದಲು ಕೊಳ್ಳುವ ಲೆಗ್, ಆಮೇಲೆ ಮಾರುವ ಲೆಗ್. ಹೊರಬರುವಾಗ ಉಲ್ಟಾ: ಮಾರಿದ್ದನ್ನು ವಾಪಸ್ ಕೊಂಡು, ಆಮೇಲೆ ಉಳಿದದ್ದನ್ನು ಮಾರಿ. ಹಿಂದುಮುಂದಾದರೆ ಒಂಟಿ ಉಳಿದ ಮಾರಿದ ಲೆಗ್‌ಗೆ ಪೂರ್ತಿ ಮಾರ್ಜಿನ್ ಕೇಳುತ್ತಾರೆ. ಪುಟ್ ಸ್ಪ್ರೆಡ್‌ಗೆ 125 ಕೊಟ್ಟರೆ ಸಾಕು ಅಂದುಕೊಳ್ಳಬೇಡಿ. ಮಾರಿದ ಲೆಗ್ ಇರುವುದರಿಂದ ಅಲ್ಲೂ ಮಾರ್ಜಿನ್ ಬ್ಲಾಕ್ ಆಗುತ್ತದೆ. ಅದರ ಮೇಲೆ, ಎಕ್ಸ್‌ಪೈರಿ ದಿನ ಮಾರಿದ ಇಂಡೆಕ್ಸ್ ಆಪ್ಶನ್‌ಗಳಿಗೆ ಹೆಚ್ಚುವರಿ 2% ಮಾರ್ಜಿನ್ ಎಂಬ ಸೆಬಿ ನಿಯಮ 2024ರ ನವೆಂಬರ್‌ನಲ್ಲಿ ಬಂದಿದೆ. ಬ್ರೋಕರ್ ಕ್ಯಾಲ್ಕುಲೇಟರ್‌ನಲ್ಲಿ ಎರಡೂ ಲೆಗ್ ಸೇರಿಸಿ ನೋಡಿಕೊಳ್ಳಿ.

ಇದೇ ಕೆಲಸವನ್ನು ಮುಂದೆ ಒಂದು ಕಂಪನಿಯ ಶೇರಿನಲ್ಲಿ ಮಾಡುವ ಆಲೋಚನೆ ಇದ್ದರೆ ಎಚ್ಚರ. ನಿಫ್ಟಿ ಲೆಕ್ಕ ನಗದಿನಲ್ಲಿ ಮುಗಿಯುತ್ತದೆ, ಶೇರ್ ಆಪ್ಶನ್‌ಗಳಲ್ಲಿ ಶೇರನ್ನೇ ಕೊಡಬೇಕು. ಎಕ್ಸ್‌ಪೈರಿ ದಿನ ಬೆಲೆ ನಿಮ್ಮ ಎರಡು ಸ್ಟ್ರೈಕ್‌ಗಳ ನಡುವೆ ನಿಂತರೆ ಒಂದೇ ಲೆಗ್ ಜೀವಂತ ಉಳಿಯುತ್ತದೆ. ಅದು ತಗೊಂಡ ಪುಟ್ ಆಗಲಿ, ಮಾರಿದ ಕಾಲ್ ಆಗಲಿ, ಇಡೀ ಲಾಟ್ ಶೇರ್ ನೀವು ಕೊಡಬೇಕು. ಡಿಮ್ಯಾಟ್‌ನಲ್ಲಿ ಇಲ್ಲದಿದ್ದರೆ ಹರಾಜಿಗೆ ಹೋಗುತ್ತದೆ, ಅದರ ನಷ್ಟ ಸ್ಪ್ರೆಡ್‌ನ ಮಿತಿಯೊಳಗೆ ಇರುವುದಿಲ್ಲ. ಅಂಥ ಪೊಸಿಷನ್ ಅನ್ನು ಕೊನೆಯ ದಿನಕ್ಕೆ ಬಿಡದೆ ಮುಂಚೆಯೇ ಮುಚ್ಚಿಬಿಡಿ.