ಮೆತ್ತಗಿನ ಕಿಚಡಿಯೇ ಬೇರೆ, ನೀರುನೀರಾದ ಕಿಚಡಿಯೇ ಬೇರೆ

ನಮ್ಮ ಅತ್ತೆಗೆ 82 ವರ್ಷ, ಹಲ್ಲಿನ ಸೆಟ್ ಹಾಕಿಕೊಳ್ಳುವುದಿಲ್ಲ. ಕಿಚಡಿಗೆ ಒಂದಕ್ಕೆ ನಾಲ್ಕು ನೀರು ಹಾಕಿದರೆ ಗಟ್ಟಿಯಾಗುತ್ತದೆ. ಆರು ಹಾಕಿದರೆ ನೀರು ಮೇಲೆ, ಅಗುಳು ಕೆಳಗೆ. ಸರಿಯಾದ ಅಳತೆ ಯಾವುದು?

ಯಾವ ಒಂದಕ್ಕೆ ನಾಲ್ಕು? ಅಕ್ಕಿ ಒಂದಕ್ಕೋ, ಅಕ್ಕಿ ಬೇಳೆ ಸೇರಿದ ಒಂದಕ್ಕೋ? ಈ ಒಂದು ಮಾತನ್ನು ಯಾರೂ ಬರೆಯುವುದಿಲ್ಲ, ಗೋಳೆಲ್ಲ ಇಲ್ಲೇ ಇದೆ. ಒಂದು ಲೋಟ ಅಕ್ಕಿಗೆ ಅರ್ಧ ಲೋಟ ಹೆಸರುಬೇಳೆ ಹಾಕಿ ನಾಲ್ಕು ಲೋಟ ನೀರೆರೆದರೆ ಒಟ್ಟು ಕಾಳಿಗೆ ಮೂರು ಪಾಲು ನೀರೂ ಸಿಗಲಿಲ್ಲ. ಬೇಳೆಯನ್ನು ಅಕ್ಕಿಗೆ ಸಮವಾಗಿ ಹಾಕಿದಿರೋ, ಎರಡೇ ಪಾಲು. ಅದು ಕಿಚಡಿಯಲ್ಲ, ಬೇಳೆ ಬೆರೆಸಿದ ಅನ್ನ. ನೀರನ್ನು ಯಾವಾಗಲೂ ಅಕ್ಕಿ ಬೇಳೆ ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕಿ. ಹಲ್ಲಿದ್ದವರಿಗೆ ಕೂಡಿದ ಅಳತೆಯ ನಾಲ್ಕು ಪಟ್ಟು, ಹಲ್ಲಿಲ್ಲದ ಹಿರಿಯರಿಗೆ ಆರು ಪಟ್ಟು. ಹೊಸ ಅಕ್ಕಿಯಾದರೆ ಅರ್ಧ ಲೋಟ ಕಡಿಮೆ ಮಾಡಿ, ಅದು ಹಳೆಯ ಅಕ್ಕಿಯಷ್ಟು ನೀರು ಕುಡಿಯುವುದಿಲ್ಲ. ಕುಕ್ಕರಿನೊಳಗೆ ಪಾತ್ರೆ ಇಟ್ಟು ಬೇಯಿಸುವವರು ಪಾತ್ರೆಯೊಳಗಿನ ನೀರನ್ನಷ್ಟೇ ಎಣಿಸಬೇಕು. ಕುಕ್ಕರಿನ ತಳದ ನೀರನ್ನೂ ಸೇರಿಸಿ ಲೆಕ್ಕ ಕೊಟ್ಟ ಒಬ್ಬರು ನನ್ನೊಡನೆ ವಾದಕ್ಕೇ ಇಳಿದಿದ್ದರು.

ಇನ್ನು ನಿಮ್ಮ ಆರು ಪಟ್ಟಿನ ಕಿಚಡಿ ಒಡೆದುಕೊಂಡದ್ದೇಕೆ? ನೀರು ಕೊಟ್ಟಿರಿ, ಹೊತ್ತು ಕೊಡಲಿಲ್ಲ. ಅಗುಳು ಬಿರಿದು ಅದರೊಳಗಿನ ಪಿಷ್ಟ ನೀರಿಗೆ ಬಿಟ್ಟುಕೊಂಡಾಗ ಮಾತ್ರ ಅಕ್ಕಿ, ಬೇಳೆ, ನೀರು ಮೂರೂ ಒಂದಾಗುತ್ತವೆ. ಅಗುಳು ಇಡಿಯಾಗಿಯೇ ಉಳಿದರೆ ಎಷ್ಟು ನೀರು ಹಾಕಿದರೂ ಅದು ಸುತ್ತ ನಿಲ್ಲುತ್ತದೆ, ಅಷ್ಟೆ. ಮೂರು ಕೂಗಿಗೆ ಒಲೆ ಆರಿಸುವ ಅಭ್ಯಾಸ ಅನ್ನಕ್ಕೆ ಸರಿ, ಇದಕ್ಕಲ್ಲ. ಕೂಗು ಎನ್ನುವುದು ಗಡಿಯಾರವೂ ಅಲ್ಲ. ದೊಡ್ಡ ಉರಿಯಲ್ಲಿ ಐದು ನಿಮಿಷಕ್ಕೆ ಮೂರು ಕೂಗು ಬರುತ್ತದೆ, ಸಣ್ಣ ಉರಿಯಲ್ಲಿ ಕಾಲು ಗಂಟೆಯಾದರೂ ಬಾರದಿರಬಹುದು. ಅಕ್ಕಿ ಬೇಳೆಯನ್ನು ಅರ್ಧ ಗಂಟೆ ನೆನೆಸಿ. ಮೊದಲ ಕೂಗು ಬಂದ ಮೇಲೆ ಉರಿ ತಗ್ಗಿಸಿ 15 ನಿಮಿಷ ಬಿಡಿ. ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯಲಿ. ಸೀಟಿ ಎತ್ತಿ ಹಬೆ ಬಿಟ್ಟವರು ಆ ಕೊನೆಯ ಬೇಯುವಿಕೆಯನ್ನೇ ಕಳೆದುಕೊಳ್ಳುತ್ತಾರೆ. ಪಾತ್ರೆ ಇಟ್ಟು ಬೇಯಿಸಿದರೆ ಇನ್ನೂ ಐದಾರು ನಿಮಿಷ ಬೇಕು. ಟೊಮೆಟೊ, ಹುಣಿಸೆಹಣ್ಣು, ನಿಂಬೆಹುಳಿ ಯಾವುದನ್ನೂ ಬೇಯುವ ಮೊದಲು ಹಾಕಬೇಡಿ. ಹುಳಿ ಬಿದ್ದ ಬೇಳೆ ಬಿರುಸಾಗಿಯೇ ಉಳಿಯುತ್ತದೆ.

ಒಂದೇ ಮನೆಯಲ್ಲಿ ಎರಡು ಅಡುಗೆ ಯಾರು ಮಾಡುತ್ತಾರೆ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ, ಬೇಕಿಲ್ಲ. ಒಂದು ಲೋಟ ಸೋನಾ ಮಸೂರಿ, ಅರ್ಧ ಲೋಟ ಹೆಸರುಬೇಳೆ, ಒಟ್ಟು ಒಂದೂವರೆ. ನಾಲ್ಕು ಪಟ್ಟು ಎಂದರೆ ಆರು ಲೋಟ ನೀರು. ಅರಿಶಿನ, ಉಪ್ಪು, ಉಕ್ಕದಂತೆ ಒಂದು ಚಮಚ ತುಪ್ಪ ಹಾಕಿ ಎಲ್ಲರಿಗೂ ಒಟ್ಟಿಗೆ ಬೇಯಿಸಿ. ಕುಕ್ಕರಿನ ಅರ್ಧಕ್ಕಿಂತ ಮೇಲೆ ತುಂಬಬೇಡಿ. ಮುಚ್ಚಳ ತೆಗೆದ ಕೂಡಲೇ, ಒಗ್ಗರಣೆ ಬೀಳುವ ಮೊದಲು, ಅತ್ತೆಯ ಪಾಲೆಂದು ಎರಡು ಲೋಟದಷ್ಟು ಕಿಚಡಿಯನ್ನು ದಪ್ಪ ತಳದ ಪಾತ್ರೆಗೆ ತೆಗೆಯಿರಿ. ಅದಕ್ಕೆ ಮುಕ್ಕಾಲು ಲೋಟ ಕುದಿಯುವ ನೀರು ಸೇರಿಸಿದರೆ ಲೆಕ್ಕ ಸುಮಾರಾಗಿ ಆರು ಪಟ್ಟಿಗೆ ಬಂತು. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕೈಯಾಡಿಸುತ್ತಾ, ಸೌಟಿನ ಬೆನ್ನಿನಿಂದ ಪಾತ್ರೆಯ ಬದಿಗೆ ಒತ್ತಿ ಮಸೆಯಿರಿ. ತಣ್ಣೀರು ಸುರಿದು ಕಲಕಿ ಬಡಿಸುವುದು ಬೇಡ, ನಿಮ್ಮ ಹಳೆಯ ಕಥೆಯೇ ಮರಳಿ ಬರುತ್ತದೆ.

ಆಗಿದೆಯೋ ಇಲ್ಲವೋ ನೋಡಲು ಒಂದು ಅಗುಳನ್ನು ನಾಲಿಗೆಯಿಂದ ಅಂಗುಳಕ್ಕೆ ಒತ್ತಿ. ಹಲ್ಲು ತಾಗಿಸದೆಯೇ ಅದು ಕರಗಬೇಕು. ತಟ್ಟೆಗೆ ಬಡಿಸಿ ಚಮಚದಿಂದ ಗೆರೆ ಎಳೆದರೆ ಗೆರೆ ನಿಧಾನವಾಗಿ ಮುಚ್ಚಿಕೊಳ್ಳಬೇಕು. ಅಂಚಿನಲ್ಲಿ ತಿಳಿನೀರು ಬಿಟ್ಟುಕೊಂಡರೆ ಇನ್ನೂ ಬೇಯಬೇಕು. ಇದು ಬಿಸಿಯಾಗಿರುವಾಗಿನ ಮಾತು. ಆರುತ್ತಾ ಹೋದಂತೆ ಕಿಚಡಿ ಗಟ್ಟಿಯಾಗುತ್ತದೆ. ಹನ್ನೆರಡಕ್ಕೆ ಮಾಡಿದ್ದನ್ನು ಒಂದೂವರೆಗೆ ಬಡಿಸುವ ಮನೆಗಳಲ್ಲಿ ಬಡಿಸುವ ಮುಂಚೆ ಇನ್ನೊಂದಿಷ್ಟು ಬಿಸಿನೀರು ಹಾಕಿ ಮತ್ತೆ ಕುದಿಸಲೇಬೇಕು.

ಎಂಟು ಪಟ್ಟು ಹಾಕಿದರೆ ಇನ್ನೂ ಮೆತ್ತಗಾಗುವುದಿಲ್ಲವೇ ಎಂದೂ ಕೆಲವರು ಬರೆಯುತ್ತಾರೆ. ಆಗುತ್ತದೆ, ಆದರೆ ಬಟ್ಟಲಿನಲ್ಲಿ ಊಟವೇ ಇರುವುದಿಲ್ಲ. ನಾಲ್ಕು ಪಟ್ಟಿನಲ್ಲಿ ಬಟ್ಟಲಿನ ಐದನೆಯ ಒಂದು ಪಾಲು ಕಾಳು, ಎಂಟು ಪಟ್ಟಿನಲ್ಲಿ ಒಂಬತ್ತನೆಯ ಒಂದು ಪಾಲು. ಮುದುಕರು ತಿನ್ನುವುದೇ ಒಂದು ಬಟ್ಟಲು, ಅದರಲ್ಲೂ ಹೆಚ್ಚುಕಡಿಮೆ ಅರ್ಧ ಕಸಿದುಕೊಂಡಂತೆ. ಆರು ಪಟ್ಟಿನಲ್ಲೂ ಸ್ವಲ್ಪ ನಷ್ಟ ಇದ್ದೇ ಇದೆ. ಹಾಗಾಗಿ ಅತ್ತೆಗೆಂದೇ ಪ್ರತ್ಯೇಕವಾಗಿ ಮಾಡುವ ದಿನ ಅಕ್ಕಿ, ಬೇಳೆ ಸಮಸಮ ಹಾಕಿ, ಅರ್ಧ ಲೋಟಕ್ಕೆ ಅರ್ಧ ಲೋಟ. ಮೇಲೊಂದು ಚಮಚ ತುಪ್ಪ ಹಾಕಲು ಕೈ ಹಿಡಿಯಬೇಡಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಎಷ್ಟು ಬೇಳೆ ಎಂಬುದನ್ನು ಅವರ ವೈದ್ಯರು ಹೇಳಬೇಕು, ನಾನಲ್ಲ.

ಬೇಗ ಬೇಯಲಿ ಎಂದು ಚಿಟಿಕೆ ಸೋಡಾ ಹಾಕಬಹುದೇ?

ಬೇಡ. ಬಿ1 ಜೀವಸತ್ವ ಹಾಳಾಗುತ್ತದೆ, ರಕ್ತದೊತ್ತಡದವರಿಗೆ ಬೇಡದ ಸೋಡಿಯಂ ಸೇರುತ್ತದೆ. ಕೊಳವೆಬಾವಿಯ ಗಡಸು ನೀರಿನಿಂದ ಬೇಳೆ ಬೇಯದಿದ್ದರೆ ನೀರು ಬದಲಿಸಿ.

ಮಿಕ್ಸಿಗೆ ಹಾಕಿ ತಿರುವಿದರೆ ಇಷ್ಟು ಕಷ್ಟವೇ ಇಲ್ಲವಲ್ಲ?

ಬೆಂದ ಅನ್ನವನ್ನು ಮಿಕ್ಸಿಯಲ್ಲಿ ತಿರುವಿದರೆ ಅಂಟಾಗುತ್ತದೆ. ಅಂಗುಳಕ್ಕೆ ಮೆತ್ತಿಕೊಳ್ಳುವ ಅಂಟು ಗಂಟಲಿಗಿಳಿಯಲು ಕಷ್ಟ. ಮಸೆಯಲು ಐದು ನಿಮಿಷ ಸಾಕು.

ಹೆಸರುಬೇಳೆ ಶೀತ, 21 ದಿನ ಬರೀ ಕಿಚಡಿ ತಿಂದರೆ ಮಂಡಿನೋವು ಹೋಗುತ್ತದೆ ಎಂದು ಒಬ್ಬರು ವಿಡಿಯೊದಲ್ಲಿ ಹೇಳುತ್ತಾರೆ. ಯಾವುದನ್ನು ನಂಬುವುದು?

ಎರಡನ್ನೂ ನಂಬಬೇಡಿ. ಧನುರ್ಮಾಸದ ಚಳಿಯಲ್ಲಿ, ನಸುಕಿನಲ್ಲಿ ಎದ್ದು ಹೆಸರುಬೇಳೆಯ ಹುಗ್ಗಿ ತಿಂದುಕೊಂಡು ಬಂದವರು ನಾವು. ವಯಸ್ಸಾದವರನ್ನು 21 ದಿನ ಒಂದೇ ಆಹಾರದಲ್ಲಿ ಕೂರಿಸುವವರು ಮಂಡಿಯನ್ನು ವಾಸಿ ಮಾಡುವುದಿಲ್ಲ, ಮಾಂಸಖಂಡವನ್ನು ಕರಗಿಸುತ್ತಾರೆ.

ತಂದೆಗೆ ಊಟ ಮಾಡುವಾಗ ಕೆಮ್ಮು ಬರುತ್ತದೆ. ಇನ್ನೂ ತೆಳ್ಳಗೆ ಮಾಡಿ ಕೊಡಲೇ?

ಕೂಡದು. ನುಂಗುವ ಶಕ್ತಿ ಕುಂದಿದವರಿಗೆ ಹೆಚ್ಚು ಅಪಾಯ ತೆಳ್ಳಗಿನದರಿಂದಲೇ. ಅದು ಬೇಗ ಜಾರಿ ಶ್ವಾಸನಾಳದ ಕಡೆಗೆ ಹೋಗುತ್ತದೆ. ನೀರು ಮತ್ತು ಅಗುಳು ಬೇರೆಬೇರೆಯಾಗಿರುವ ಕಿಚಡಿ ಇನ್ನೂ ಕೆಟ್ಟದ್ದು, ನೀರು ಮೊದಲು ಜಾರುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ. ಪದೇಪದೇ ಕೆಮ್ಮು ಬಂದರೆ, ಊಟದ ನಂತರ ದನಿ ಗೊರಗೊರ ಎನ್ನುತ್ತಿದ್ದರೆ ವೈದ್ಯರಿಗೆ ತೋರಿಸಿ, ನುಂಗುವಿಕೆಯನ್ನು ಪರೀಕ್ಷಿಸುವ ತಜ್ಞರ ಬಳಿ ಕಳುಹಿಸಲು ಕೇಳಿ. ಆಹಾರ ಎಷ್ಟು ಗಟ್ಟಿ ಇರಬೇಕೆಂದು ಅವರೇ ಹೇಳುತ್ತಾರೆ.

ಅಲ್ಲಿಯವರೆಗೆ ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ, ಹಿಂದಿನ ತುತ್ತು ಇಳಿದ ಮೇಲೆಯೇ ಮುಂದಿನದನ್ನು ಕೊಡಿ. ಇಡಿ ಮೆಣಸು, ಕರಿಬೇವು, ಸಾಸಿವೆ, ತೆಂಗಿನ ಚೂರು ಏನೂ ಇರಬಾರದು. ಈ ವಿಷಯದಲ್ಲಿ ನಾನು ಅತಿ ಮಾಡುತ್ತೇನೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. ನಮ್ಮ ಮಾವನವರಿಗೆ ನಾನೇ ಬಡಿಸಿದ ಹುಗ್ಗಿಯಲ್ಲಿ ಒಂದೇ ಒಂದು ಮೆಣಸಿನ ಕಾಳು ಗಂಟಲಿಗೆ ಸಿಕ್ಕಿ, ಉಸಿರು ತಿರುಗುವಷ್ಟರಲ್ಲಿ ಅವರ ತುಟಿ ನೀಲಿಗಟ್ಟಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಹಿರಿಯರ ಪಾಲಿಗೆ ಮೆಣಸು, ಜೀರಿಗೆ ಪುಡಿ ಮಾಡಿಯೇ ಬೀಳುತ್ತವೆ.