ಹೋಳಿಗೆ ಹೋಳಿಗೆ ಹೋಳಿಗೆ ಎಷ್ಟು?

*ಸಂಪಾದಕರಿಗೆ ನಮಸ್ಕಾರ. ನಾವು ಆರು ಜನ ಗೆಳತಿಯರು ಪ್ರತಿ ಹಬ್ಬ ಮುಗಿದ ಮೇಲೆ ಒಬ್ಬರ ಮನೆಯಲ್ಲಿ ಸೇರಿ, ಉಳಿದ ತಿಂಡಿ ಹಂಚಿಕೊಂಡು ತಿನ್ನುತ್ತೇವೆ. ಹಬ್ಬದ ಹೆಸರು, ಸಿಹಿಯ ಹೆಸರು ಹಿಡಿದು ಪನ್ ಮಾಡುವುದು ನಮ್ಮ ಆಟ. ನಮ್ಮಲ್ಲಿ ಧಾರವಾಡದವಳು ಒಬ್ಬಳಿದ್ದಾಳೆ, ಬಾಯಿ ಬಿಟ್ಟರೆ ಸಾಕು, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ನಾನು ‘ದೀಪಾವಳಿ ಬಂದರೆ ಜೇಬು ದಿವಾಳಿ’ ಅಂದೆ. ಎಲ್ಲರೂ ‘ಹ್ಞೂಂ’ ಅಂದು ಚಕ್ಕುಲಿ ಮುರಿದರು. ನನ್ನ ಮಾತಿನಲ್ಲಿ ಏನು ಕೊರತೆ?*

*ಓದುಗರೊಬ್ಬರು, ದಾವಣಗೆರೆ*

ಆ ಚಕ್ಕುಲಿ ಮುರಿದ ಸದ್ದು ನನಗೆ ಇಲ್ಲಿಗೇ ಕೇಳಿಸಿತು, ಮೇಡಂ. ನಾನೂ ಎಷ್ಟೋ ಸಲ ಕೇಳಿದ ಸದ್ದು ಅದು.

ನಿಮ್ಮ ಮಾತು ಹಳೆಯದು, ಅದೊಂದು ಕಾರಣ. ಆದರೆ ಹಳೆಯ ಪನ್‌ಗೂ ಜನ ನಗುತ್ತಾರೆ. ದೊಡ್ಡ ಕಾರಣ ಬೇರೆ. ನೀವು ಎರಡು ಪದಗಳನ್ನೂ ನೀವೇ ಹೇಳಿಬಿಟ್ಟಿರಿ. ದೀಪಾವಳಿ ಅಂದಿರಿ, ದಿವಾಳಿ ಅಂದಿರಿ. ಕೇಳಿದವರಿಗೆ ಹುಡುಕೋಕೆ ಏನೂ ಉಳಿಯಲಿಲ್ಲ. ಎರಡು ಪದ ಒಂದೇ ಥರ ಕೇಳಿಸಿದರೆ ಅದು ಪ್ರಾಸ. ಒಂದೇ ಪದ ಬಂದು, ಎರಡು ಅರ್ಥ ಕೊಟ್ಟು, ಎರಡು ಅರ್ಥದಲ್ಲೂ ವಾಕ್ಯ ಸರಿಯಾಗಿ ನಿಂತರೆ ಮಾತ್ರ ಅದು ಶ್ಲೇಷೆ. ‘ತಂಬಿಟ್ಟು ತಂದಿಟ್ಟು ಹೋದಳು’ ಅನ್ನೋದು ಕಿವಿಗೆ ಚೆನ್ನಾಗಿದೆ, ಪ್ರಾಸ. ‘ಕಡುಬಿಲ್ಲದವನೇ ಕಡುಬಡವ’ ಕೂಡ ಅಷ್ಟೇ. ಇಂಥವಕ್ಕೆ ಜನ ಮುಗುಳ್ನಗುತ್ತಾರೆ, ಅದಕ್ಕಿಂತ ಜಾಸ್ತಿ ಏನೂ ಆಗಲ್ಲ.

ನಿಮ್ಮ ದಿವಾಳಿಯನ್ನೇ ರಿಪೇರಿ ಮಾಡಿ ನೋಡೋಣ. ಮರಾಠಿಯವರಿಗೆ ಹಬ್ಬದ ಹೆಸರೇ ದಿವಾಳಿ. ಅದೇ ಕನ್ನಡದವರ ಬಾಯಿಗೆ ಬಂದರೆ ಅಂಗಡಿ ಮುಳುಗಿದ ಹಾಗೆ. ಅಂದರೆ ಒಂದೇ ಪದ, ಎರಡು ಅರ್ಥ, ರೆಡಿಯಾಗಿ ಕೂತಿದೆ. ಈಗ ಹೀಗೆ ಹೇಳಿ: ‘ಸೀರೆ ಅಂಗಡಿಯವನು ಬಿಲ್ಲು ಕೊಟ್ಟು ಹ್ಯಾಪಿ ದಿವಾಳಿ ಅಂದ. ನಮ್ಮ ಯಜಮಾನರು ಬಿಲ್ಲು ನೋಡಿ, ಅರ್ಧ ನಿಜ ಅಂದರು.’ ಪದ ಒಂದೇ ಸಲ ಬಂತು. ಯಾವ ಅರ್ಧ ನಿಜ, ಯಾವ ಅರ್ಧ ಸುಳ್ಳು ಅನ್ನೋದನ್ನ ಕೇಳಿದವರೇ ಹುಡುಕಿಕೊಳ್ಳಬೇಕು. ಹುಡುಕಿಕೊಂಡ ಆ ಒಂದು ಗಳಿಗೆಯಲ್ಲೇ ನಗು ಬರೋದು.

ಈಗ ಹಬ್ಬದ ಪನ್‌ಗಳ ರಾಜನ ವಿಷಯಕ್ಕೆ ಬರುತ್ತೇನೆ. ಹೋಳಿ ಹಬ್ಬಕ್ಕೆ ನಮ್ಮ ‘ಗೆ’ ಪ್ರತ್ಯಯ ಹಚ್ಚಿ. ಹೋಳಿಗೆ. ಹೋಳು ಅಂದರೆ ತುಂಡು, ಅದಕ್ಕೂ ಹಚ್ಚಿ. ಅದೂ ಹೋಳಿಗೆ. ಇನ್ನು ತಟ್ಟೆಯಲ್ಲಿ ತುಪ್ಪ ಸುರಿಸಿಕೊಂಡು ಕೂತಿರೋದು ಏನೂ ಹಚ್ಚದೆಯೇ ಹೋಳಿಗೆ. ‘ಹೋಳಿಗೆ ಹೋಳಿಗೆ ಹೋಳಿಗೆ ಎಷ್ಟು?’ ಅಂತ ಕೇಳಿದರೆ, ಹೋಳಿ ಹಬ್ಬಕ್ಕೆ, ಹೋಳಿಗೆಯು, ಒಂದು ತುಂಡಿಗೆ ಎಷ್ಟಾಗುತ್ತೆ ಅಂತ. ಪೂರ್ತಿ ವಾಕ್ಯ, ವ್ಯಾಕರಣದಲ್ಲಿ ಒಂದು ಕೂದಲೂ ತಪ್ಪಿಲ್ಲ. ಬೇರೆ ಭಾಷೆಯವರಿಗೆ ಇದನ್ನು ಹೇಳಿ ನೋಡಿ, ಅವರಿಗೆ ವಿವರಿಸೋ ಹೊತ್ತಿಗೆ ಹೋಳಿಗೆ ಆರಿಹೋಗಿರುತ್ತೆ.

ಹೀಗೆ ಪದ ಮುರಿಯೋ ಆಟಕ್ಕೆ ಹಳೆಯ ಅಲಂಕಾರಶಾಸ್ತ್ರದವರು ಸಭಂಗ ಶ್ಲೇಷೆ ಅಂದರು. ಪದವನ್ನು ಮುರಿದರೆ ಇನ್ನೊಂದು ಅರ್ಥ ಸಿಗೋದು. ಮುರಿಯದೆ ಇದ್ದರೂ ಎರಡು ಅರ್ಥ ಇದ್ದರೆ ಅಭಂಗ. ಹೆಸರು ನೆನಪಿಟ್ಟುಕೊಳ್ಳಬೇಕಿಲ್ಲ. ಆದರೆ ಮುರಿಯೋ ಜಾತಿಯ ಪನ್ ಹೇಳುವಾಗ ಒಂದು ಎಚ್ಚರ ಬೇಕು: ಮುರಿಯೋ ಜಾಗದಲ್ಲಿ ನೀವು ನಿಲ್ಲಿಸಬಾರದು. ‘ಹೋಳಿ... ಗೆ’ ಅಂತ ಎಳೆದರೆ ಗುಟ್ಟು ಬಯಲಾಯ್ತು. ಅಂಗಡಿಯಲ್ಲಿ ರೇಟು ಕೇಳೋ ಹಾಗೆ, ಮುಖ ಗಂಟು ಹಾಕಿಕೊಂಡು, ಒಂದೇ ಉಸಿರಿನಲ್ಲಿ ಕೇಳಿ.

ಇಲ್ಲೊಂದು ತೊಂದರೆ ಇದೆ. ನಿಮ್ಮ ಗುಂಪಿನಲ್ಲಿ ಮೈಸೂರಿನವರು ಇದ್ದರೆ ಅವರ ಬಾಯಿಗೆ ಅದು ಒಬ್ಬಟ್ಟು. ಜೊತೆಗೆ ಹೋಳಿ ಅವರಿಗೆ ಅಂಥ ದೊಡ್ಡ ಹಬ್ಬವೂ ಅಲ್ಲ. ಧಾರವಾಡದ ಕಡೆ ಹೋಳಿ ಹುಣ್ಣಿಮೆ ಅಂದರೆ ಹುಡುಗರು ಬಾಯಿ ಬಡಿದುಕೊಂಡು ಓಡಾಡಬೇಕು, ಒಳಗೆ ಒಲೆ ಮೇಲೆ ಹೋಳಿಗೆ ಬೇಯಬೇಕು. ಅಲ್ಲಿ ಈ ಪನ್ ತಾನಾಗೇ ಹುಟ್ಟುತ್ತೆ, ಯಾರೂ ಕಟ್ಟಬೇಕಿಲ್ಲ. ಮೈಸೂರಿನವರ ಕೈಯಲ್ಲಿ ಬೇರೆ ಆಟ ಆಡಿಸಿ. ‘ನನಗೊಬ್ಬಟ್ಟು ಸಾಕು’ ಅಂತ ಒಬ್ಬರು ಅಂದ ತಕ್ಷಣ, ‘ನಮ್ಮ ಯಜಮಾನರೂ ಬಂದಿದಾರೆ, ನಮಗೆ ಇಬ್ಬಟ್ಟು’ ಅನ್ನಲಿ. ಒಬ್ಬ, ಇಬ್ಬ. ಇಬ್ಬಟ್ಟು ಅನ್ನೋ ಪದ ಯಾವ ನಿಘಂಟಿನಲ್ಲೂ ಇಲ್ಲ, ಆದರೂ ಕನ್ನಡದ ಕಿವಿ ಅದನ್ನು ಒಪ್ಪಿಬಿಡುತ್ತೆ.

ನಿಮ್ಮ ಧಾರವಾಡದ ಗೆಳತಿ ಯಾಕೆ ಗೆಲ್ಲುತ್ತಾಳೆ ಅನ್ನೋದು ಈಗ ಸ್ವಲ್ಪ ಗೊತ್ತಾಗಿರಬೇಕು. ಅವಳ ಮಾತಿನಲ್ಲಿ ಕ್ರಿಯಾಪದಗಳೂ ಅವಳ ಕಡೆಗೇ ಇವೆ. ನಾಗರಪಂಚಮಿಗೆ ಆ ಕಡೆ ಡಬ್ಬಿಗಟ್ಟಲೆ ಉಂಡಿ ಕಟ್ಟುತ್ತಾರೆ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ. ಅದೇ ಮಾತಿನಲ್ಲಿ ‘ನೀ ಊಟ ಮಾಡಿದೆ’ ಅನ್ನೋದಕ್ಕೂ ‘ಉಂಡಿ’. ‘ಏನ್ ಉಂಡಿ?’ ಅಂತ ಒಬ್ಬರು ಕೇಳಿದರೆ ‘ಹೌದು, ಶೇಂಗಾದ್ದು’ ಅಂತ ಇನ್ನೊಬ್ಬರು ಉತ್ತರ ಕೊಡಬಹುದು. ಕೇಳಿದ್ದು ಊಟದ ವಿಷಯ, ಬಂದದ್ದು ಡಬ್ಬಿಯ ವಿಷಯ. ದಕ್ಷಿಣದಲ್ಲಿ ಉಂಡೆ ಅನ್ನುತ್ತೇವೆ. ಉಂಡೆ ಅಂದರೆ ಊಟ ಮಾಡಿದೆ ಅಂತಲೂ ಹೌದು. ಲೆಕ್ಕದ ಪ್ರಕಾರ ಇಲ್ಲೂ ನಡೆಯಬೇಕು. ಆದರೆ ಬೆಂಗಳೂರು ಪೇಟೆಯಲ್ಲಿ ‘ಉಂಡೆ’ ಅಂತ ಯಾರು ಹೇಳುತ್ತಾರೆ? ‘ಊಟ ಆಯ್ತು’ ಅಂತಾರೆ. ದಿನ ಬಳಸದ ಪದವನ್ನು ಪನ್‌ಗೋಸ್ಕರ ಎಳೆದು ತಂದರೆ ಅದು ನಾಟಕದ ಮಾತಿನ ಹಾಗೆ ಕೇಳಿಸುತ್ತೆ. ನೀವು ದಾವಣಗೆರೆಯವರು, ಎರಡೂ ಕಡೆಯ ಮಾತು ಕಿವಿಗೆ ಬಿದ್ದಿರುತ್ತೆ. ಅವಳ ಹತ್ತಿರ ಇಲ್ಲದ ಅನುಕೂಲ ಅದು.

ಇದಕ್ಕೆ ತಿರುಗಾಮುರುಗಾ ಒಂದು ಉದಾಹರಣೆ ಇದೆ. ವಿಜಯದಶಮಿಗೆ ಬನ್ನಿ ಎಲೆ ಕೊಟ್ಟು ‘ಬಂಗಾರದಂಗ ಇರೋಣ’ ಅನ್ನೋ ರೂಢಿ ಉತ್ತರದ ಕಡೆ ಜಾಸ್ತಿ. ಬನ್ನಿ ಅಂದರೆ ‘ಬಾ’ ಅನ್ನೋದರ ಮರ್ಯಾದೆಯ ರೂಪ. ‘ಬನ್ನಿ ಬನ್ನಿ’ ಅಂತ ಒಂದು ಕಾರ್ಡು ಬರೆದರೆ ಸಾಕು, ಆಮಂತ್ರಣವೂ ಆಯ್ತು, ಹಬ್ಬವೂ ಬಂತು. ಆದರೆ ಎಲೆ ಹಂಚುವ ಊರಿನಲ್ಲಿ ಬಾಯಿಮಾತಿಗೆ ‘ಬರ್ರಿ’ ಅಂತಾರೆ, ‘ಬನ್ನಿ’ ಅನ್ನಲ್ಲ. ಹಾಗಾಗಿ ಈ ಪನ್ ಕಾಗದದ ಮೇಲೆ ಚೆನ್ನಾಗಿ ಬದುಕುತ್ತೆ, ಬಾಯಲ್ಲಿ ಅಷ್ಟು ಸರಾಗ ಇಲ್ಲ.

ಮುರಿಯದೆ ಎರಡು ಅರ್ಥ ಕೊಡೋ ಪದಗಳು ಸುಲಭ, ಹೊಸಬರಿಗೆ ಅವೇ ಒಳ್ಳೇದು. ಕಜ್ಜಾಯ ಅಂದರೆ ದೀಪಾವಳಿಯ ಸಿಹಿ, ಬೆನ್ನಿಗೆ ಬಿದ್ದರೆ ಏಟು. ‘ಹೇಳಿದ ಮಾತು ಕೇಳದೆ ಇದ್ದರೆ ಕಜ್ಜಾಯ ಕೊಡ್ತೀನಿ’ ಅಂದಾಗ ಮಕ್ಕಳು ಬೇಕಂತಲೇ ಮಾತು ಕೇಳದೆ ಇದ್ದಾರು. ಯುಗಾದಿ ಮರುದಿನ ಹಳೆ ಮೈಸೂರು ಕಡೆ ಹೊಸ ತೊಡಕು, ಬಾಡೂಟದ ದಿನ. ತೊಡಕು ಅಂದರೆ ಸಿಕ್ಕು, ರಗಳೆ ಅಂತಲೂ ಇದೆ. ಆ ದಿನ ಮಧ್ಯಾಹ್ನ ನೆಂಟರು ಹೇಳದೆ ಕೇಳದೆ ಬಂದರೆ, ‘ಹೊಸ ತೊಡಕು ಶುರುವಾಯ್ತು’ ಅಂತ ಜೋರಾಗಿಯೇ ಹೇಳಬಹುದು. ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಬೇಜಾರು ಅಂದೆ, ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಎಳ್ಳಿನ ಮೇಲೆ ನನಗೆ ಬಹಳ ವಿಶ್ವಾಸ ಇತ್ತು. ‘ಎಳ್ಳಷ್ಟೂ ಎಳ್ಳು ಕೊಡಲಿಲ್ಲ’ ಅಂತ ಪ್ರತಿ ಸಂಕ್ರಾಂತಿಗೂ ಹೇಳುತ್ತಿದ್ದೆ, ನಡೆಯುತ್ತಿತ್ತು. ಒಂದು ವರ್ಷ ಗೆಳೆಯರೊಬ್ಬರು ಈ ಸಲ ಹಬ್ಬ ಇಲ್ಲ ಅಂದರು. ನಾನು ಹಿಂದೆ ಮುಂದೆ ನೋಡದೆ, ‘ಸಂಕ್ರಾಂತಿಗೇ ಎಳ್ಳುನೀರು ಬಿಟ್ರಾ?’ ಅಂದೆ. ಮೂರೂ ಪದ ಸೊಗಸಾಗಿ ಕೂತಿದ್ದವು. ಅವರ ತಂದೆ ತೀರಿಕೊಂಡು ಇನ್ನೂ ವರ್ಷ ಆಗಿರಲಿಲ್ಲ, ಹಬ್ಬ ಇಲ್ಲದ್ದು ಅದಕ್ಕೇ. ಎಳ್ಳುನೀರು ಅವರು ನಿಜವಾಗಿಯೂ ಬಿಟ್ಟಿದ್ದರು. ಅವರು ಏನೂ ಅನ್ನಲಿಲ್ಲ, ಕಾಫಿ ಲೋಟ ಕೆಳಗಿಟ್ಟರು. ಹಬ್ಬ ಮಾಡುತ್ತಿಲ್ಲ ಅಂತ ಯಾರಾದರೂ ಅಂದರೆ, ಪನ್ ಬಾಯಿಗೆ ಬರೋ ಮೊದಲು ಯಾಕೆ ಅಂತ ಕೇಳಿ. ನಾನು ಈಗ ಕೇಳುತ್ತೇನೆ.

ಸಂಕ್ರಾಂತಿಗೆ ಎಳ್ಳಿಗಿಂತ ‘ಬೀರು’ ಒಳ್ಳೆ ಸರಕು. ಎಳ್ಳು ಬೀರೋದು ಅಂದರೆ ಹಂಚೋದು. ಬಟ್ಟೆ ಇಡೋ ಕಬ್ಬಿಣದ್ದೂ ಬೀರು. ಇನ್ನೊಂದು ಬೀರಿನ ವಿಷಯ ನಿಮ್ಮ ಯಜಮಾನರನ್ನು ಕೇಳಿ. ‘ನಾವು ಎಳ್ಳು ಬೀರೋಕೆ ಹೊರಟ್ವಿ’ ಅಂತ ಹೆಂಗಸರು ಅಂದರೆ, ‘ಎಳ್ಳು ನೀವು ತಗೊಂಡು ಹೋಗಿ, ಮಿಕ್ಕದ್ದು ನಾವು ನೋಡ್ಕೋತೀವಿ’ ಅಂತ ಗಂಡಸರು ಅನ್ನಲಿ. ಇಲ್ಲಿ ಬೀರು ಅನ್ನೋ ಪದವನ್ನು ಗಂಡಸರು ಉಚ್ಚರಿಸಲೇ ಇಲ್ಲ, ಗಮನಿಸಿದಿರಾ? ದಿವಾಳಿಯಲ್ಲಿ ಹೇಳಿದ್ದು ಇದನ್ನೇ.

ಒಂದು ಸಣ್ಣ ಮಾತು, ಮರೆಯೋ ಮೊದಲು. ಪನ್ ಸಪ್ಪೆ ಆದಾಗ ‘ಇದು ಕೈಲಾಸಂ ಹೇಳಿದ್ದು’ ಅಂತ ಸೇರಿಸಬೇಡಿ. ಕರ್ನಾಟಕದ ಅಪ್ಪ ಅಮ್ಮ ಇಲ್ಲದ ಪಿಜೆಗಳನ್ನೆಲ್ಲ ಅವರ ಹೆಸರಿಗೆ ಬರೆದು ಆಗಿದೆ, ಪಾಪ.

ನಾನು ಕೇಳಿದ ಪನ್‌ಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಯಾರೂ ಕಟ್ಟಿದ್ದಲ್ಲ. ನಮ್ಮ ಸಂಕ್ರಾಂತಿ ಸಂಚಿಕೆ ಪ್ರೆಸ್ಸಿನಲ್ಲಿ ಓಡುತ್ತಿದ್ದ ರಾತ್ರಿ. ಮನೆಯಲ್ಲಿ ಹೆಂಡತಿ ಸಕ್ಕರೆ ಅಚ್ಚು ಹೊಯ್ಯುತ್ತಿದ್ದಳು. ಮರದ ಅಚ್ಚನ್ನು ನೀರಲ್ಲಿ ನೆನೆಸಿ, ಜೋಡಿಸಿ ಕಟ್ಟಿ, ಒಳಗೆ ಪಾಕ ಸುರಿಯೋ ಕೆಲಸ. ಪಾಕ ಹದ ತಪ್ಪಿದರೆ ಗಿಳಿಗೆ ಕೊಕ್ಕಿರಲ್ಲ, ಆನೆಗೆ ಸೊಂಡಿಲಿರಲ್ಲ. ಪ್ರೆಸ್ಸಿನಲ್ಲಿದ್ದ ನನಗೆ ಅವಳ ಫೋನ್ ಬಂತು. ಮೆಷಿನ್ ಸದ್ದಿನಲ್ಲಿ ಸರಿಯಾಗಿ ಕೇಳದೆ ನಾನು ಕೂಗಿ ಕೇಳಿದೆ: ‘ಏನು, ಅಚ್ಚು ಅರ್ಧರ್ಧ ಬರ್ತಿದೆಯಾ? ಎಲ್ಲಾ ಮುರಿದು ಬರ್ತಿದೆಯಾ?’

ನಾನು ಫೋನ್ ಇಟ್ಟು ತಿರುಗಿ ನೋಡುವಷ್ಟರಲ್ಲಿ ಪ್ರೆಸ್ಸಿನ ಹುಡುಗ ಮೆಷಿನ್ ನಿಲ್ಲಿಸಿ, ಟಾರ್ಚ್ ಹಿಡಿದು ಕೆಳಗೆ ನುಗ್ಗಿದ್ದ.